ಮೂರು ಪಾಲು, ಎರಡು ಗೆರೆ: ಅಳೆದ ಹೊಲವನ್ನು ಸಮವಾಗಿ ಹಂಚುವ ಲೆಕ್ಕ

ಹೊಲವೊಂದನ್ನು ಸಮ ಪಾಲು ಮಾಡುವ ನೇರ ಗೆರೆಯನ್ನು ಗೊತ್ತುಮಾಡಲು ಎರಡು ಷರತ್ತು ಬೇಕು. ಗೆರೆಯ ಒಂದು ಬದಿಗೆ ಇಷ್ಟು ವಿಸ್ತೀರ್ಣ ಬೀಳಬೇಕು ಎನ್ನುವುದು ಮೊದಲನೆಯದು. ಇದೊಂದನ್ನೇ ಹೇಳಿದರೆ ಲೆಕ್ಕವಿಲ್ಲದಷ್ಟು ಗೆರೆಗಳು ಸಿಗುತ್ತವೆ. ಯಾವ ದಿಕ್ಕಿನ ಗೆರೆಯನ್ನು ತೆಗೆದುಕೊಂಡರೂ ಅದನ್ನು ಹೊಲದ ಮೇಲೆ ಅತ್ತಿತ್ತ ಸರಿಸುತ್ತ ಹೋದರೆ ಎಲ್ಲೋ ಒಂದು ಕಡೆ ಬೇಕಾದ ವಿಸ್ತೀರ್ಣ ಬಂದೇ ಬರುತ್ತದೆ. ಅವುಗಳಲ್ಲಿ ಯಾವುದು ಬೇಕೆಂದು ಆರಿಸುವುದಕ್ಕೆ ಇನ್ನೊಂದು ಷರತ್ತು ಬೇಕು. ಗೆರೆ ಬಾವಿಯ ಮೂಲೆಯಿಂದ ಹೊರಡಬೇಕು ಎನ್ನಬಹುದು, ರಸ್ತೆಗೆ ನೆಟ್ಟಗಿರಬೇಕು ಎನ್ನಬಹುದು, ಅಥವಾ ರಸ್ತೆಯ ಅಂಚಿನಲ್ಲಿ ಇಂಥ ಜಾಗದಲ್ಲೇ ಹಾಯಬೇಕು ಎನ್ನಬಹುದು. ಮೊದಲ ಷರತ್ತನ್ನು ಗಣಿತ ನೋಡಿಕೊಳ್ಳುತ್ತದೆ. ಎರಡನೆಯದನ್ನು ಹೇಳಬೇಕಾದವರು ಪಾಲುದಾರರು. ಪಾಲಿನ ಜಗಳಗಳಲ್ಲಿ ಬಹಳಷ್ಟು ಹುಟ್ಟುವುದು ಈ ಎರಡನೆಯ ಷರತ್ತನ್ನು ಯಾರೂ ಬಾಯಿಬಿಟ್ಟು ಹೇಳದೆ ಅಳತೆಗೆ ಇಳಿದಾಗ.

ಒಂದು ಉದಾಹರಣೆಯ ಹೊಲವನ್ನು ಹಿಡಿದು ಇದನ್ನು ಕೊನೆಯವರೆಗೂ ನೋಡಬಹುದು. ಹೊಲಕ್ಕೆ ಐದು ಮೂಲೆ, ಐದು ಬಾಂದುಕಲ್ಲು. ದಕ್ಷಿಣದ ಅಂಚಿನುದ್ದಕ್ಕೂ ರಸ್ತೆ, ಉತ್ತರದ ತುದಿಯ ಮೂಲೆಯಲ್ಲಿ ಬಾವಿ. ಪಾಲುದಾರರು ಮೂವರು. ಮೂವರಿಗೂ ಸಮ ಪಾಲು, ಮೂವರಿಗೂ ರಸ್ತೆ ಬೇಕು.

ಅಳತೆಗೆ ಟೋಟಲ್ ಸ್ಟೇಷನ್ ಬಳಸಿದರೂ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಳಸಿದರೂ ಕೊನೆಗೆ ಕೈಗೆ ಬರುವುದು ಪ್ರತಿ ಕಲ್ಲಿಗೆ ಎರಡು ಅಂಕಿ. ಗೊತ್ತಾದ ಒಂದು ಬಿಂದುವಿನಿಂದ ಆ ಕಲ್ಲು ಪೂರ್ವಕ್ಕೆ ಎಷ್ಟು ಮೀಟರ್ ಎಂಬುದು ಒಂದು, ಉತ್ತರಕ್ಕೆ ಎಷ್ಟು ಮೀಟರ್ ಎಂಬುದು ಇನ್ನೊಂದು. ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತದಲ್ಲಿ ಬರುವ ಜೋಡಿ ಅಂಕಿಗಳು ಇವೇ. ಈ ಹೊಲದ ಕಲ್ಲುಗಳನ್ನು ನೈಋತ್ಯದ ಮೂಲೆಯಿಂದ ಹಿಡಿದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತ ಬರೆದರೆ ಪಟ್ಟಿ ಹೀಗಿರುತ್ತದೆ:

ಕ (10, 0)
ಖ (130, 0)
ಗ (150, 90)
ಘ (70, 130)
ಚ (0, 80)

ಕ ಮತ್ತು ಖ ಕಲ್ಲುಗಳ ನಡುವೆ ರಸ್ತೆಯ ಅಂಚು, 120 ಮೀಟರ್ ಉದ್ದ. ಬಾವಿ ಇರುವುದು ಘ ಮೂಲೆಯಲ್ಲಿ.

ಪಾಲು ಮಾಡುವ ಮೊದಲು ಒಟ್ಟು ವಿಸ್ತೀರ್ಣ ಗೊತ್ತಾಗಬೇಕು. ಅದಕ್ಕೆ ಸುತ್ತಿನ ಕ್ರಮದಲ್ಲಿ ಒಂದೊಂದೇ ಬದಿಯನ್ನು ತೆಗೆದುಕೊಳ್ಳಬೇಕು. ಈ ಮೂಲೆಯ ಪೂರ್ವದ ಅಂಕಿಯನ್ನು ಮುಂದಿನ ಮೂಲೆಯ ಉತ್ತರದ ಅಂಕಿಯಿಂದ ಗುಣಿಸಿ, ಅದರಿಂದ ಮುಂದಿನ ಮೂಲೆಯ ಪೂರ್ವದ ಅಂಕಿ ಮತ್ತು ಈ ಮೂಲೆಯ ಉತ್ತರದ ಅಂಕಿಗಳ ಗುಣಲಬ್ಧವನ್ನು ಕಳೆಯಬೇಕು. ಎಲ್ಲ ಬದಿಗಳ ಫಲವನ್ನು ಕೂಡಿಸಿ ಅರ್ಧ ಮಾಡಿದರೆ ವಿಸ್ತೀರ್ಣ.

ಕ–ಖ: 10×0 − 130×0 = 0
ಖ–ಗ: 130×90 − 150×0 = 11700
ಗ–ಘ: 150×130 − 70×90 = 13200
ಘ–ಚ: 70×80 − 0×130 = 5600
ಚ–ಕ: 0×0 − 10×80 = −800

ಮೊತ್ತ 29700, ಅರ್ಧ 14850 ಚದರ ಮೀಟರ್. ಇಲ್ಲಿ ಬಂದಿರುವ ಋಣ ಚಿಹ್ನೆ ತಪ್ಪಲ್ಲ. ಪ್ರತಿ ಸಾಲಿನ ಫಲವೂ ಮೂಲಬಿಂದು, ಈ ಮೂಲೆ, ಮುಂದಿನ ಮೂಲೆ ಸೇರಿ ಆಗುವ ತ್ರಿಕೋನದ ವಿಸ್ತೀರ್ಣದ ಎರಡರಷ್ಟು. ಘ–ಚ ತನಕದ ತ್ರಿಕೋನಗಳನ್ನು ಕೂಡಿಸುವಾಗ ನೈಋತ್ಯದಲ್ಲಿ ಹೊಲದ ಆಚೆಗಿರುವ 400 ಚದರ ಮೀಟರಿನ ಒಂದು ತುಣುಕೂ ಜೊತೆಗೆ ಸೇರಿಕೊಂಡಿರುತ್ತದೆ. ಚ–ಕ ಸಾಲಿನ −800 ಅದನ್ನು ವಾಪಸು ಕಳೆಯುತ್ತದೆ. ಹೊಲ ಎಷ್ಟು ಅಂಕುಡೊಂಕಾಗಿದ್ದರೂ, ಬದಿಗಳು ಒಳಕ್ಕೆ ತಿರುಗಿದ್ದರೂ ಈ ಸೂತ್ರ ಕೈಕೊಡದಿರುವುದಕ್ಕೆ ಕಾರಣ ಇದೇ. ಇದನ್ನು 1769ರಲ್ಲಿ ಜರ್ಮನಿಯ ಗಣಿತಜ್ಞ ಮೈಸ್ಟರ್ ವಿವರಿಸಿದ್ದ. ಸರ್ವೆ ಪುಸ್ತಕಗಳಲ್ಲಿ ಇದಕ್ಕೆ ಗಾಸ್ ಹೆಸರೂ ಅಂಟಿಕೊಂಡಿದೆ.

ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಮಾಡುವವರು ಪೂರ್ವದ ಅಂಕಿಗಳನ್ನು ಮೊದಲ ಕಾಲಮಿನಲ್ಲೂ ಉತ್ತರದ ಅಂಕಿಗಳನ್ನು ಎರಡನೆಯದರಲ್ಲೂ ಬರೆದು, ಆರನೇ ಸಾಲಿನಲ್ಲಿ ಮೊದಲ ಕಲ್ಲನ್ನೇ ಮತ್ತೊಮ್ಮೆ ಬರೆದರೆ ಒಂದೇ ಸಾಲು ಸಾಕು:

```
=ABS(SUMPRODUCT(A1:A5,B2:B6)-SUMPRODUCT(A2:A6,B1:B5))/2
```

ಕರ್ನಾಟಕದ ಪಹಣಿಯ ಭಾಷೆಗೆ ಇದನ್ನು ತಿರುಗಿಸಬೇಕು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಅದು ಸುಮಾರು 101.17 ಚದರ ಮೀಟರ್. 40 ಗುಂಟೆ ಒಂದು ಎಕರೆ. ಆ ಲೆಕ್ಕದಲ್ಲಿ ಹೊಲ 3 ಎಕರೆ 26.78 ಗುಂಟೆ. ಮೂರರಲ್ಲಿ ಒಂದು ಪಾಲು 4950 ಚದರ ಮೀಟರ್, ಅಂದರೆ 1 ಎಕರೆ 8.93 ಗುಂಟೆ. ಪಹಣಿಯಲ್ಲಿ ಬರೆದಿರುವ ವಿಸ್ತೀರ್ಣ ಈಗ ಅಳೆದ ವಿಸ್ತೀರ್ಣಕ್ಕೆ ಚಾಚೂ ತಪ್ಪದೆ ಹೊಂದುವುದು ಅಪರೂಪ. ಹಳೆಯ ಮೋಜಣಿ ಚೈನು ಹಿಡಿದು ಮಾಡಿದ್ದು, ಗುಂಟೆ-ಆಣೆಗಳಲ್ಲಿ ದುಂಡಗೆ ಬರೆದದ್ದು. ಆದ್ದರಿಂದ ಪಹಣಿಯ ಅಂಕಿಯನ್ನು ಮೂರರಿಂದ ಭಾಗಿಸಿ ಆ ಅಳತೆಯನ್ನು ನೆಲದ ಮೇಲೆ ಹುಡುಕುತ್ತ ಹೋದರೆ ಮೊದಲಿಬ್ಬರಿಗೆ ಸರಿಯಾಗಿ ಬಂದು ಕೊರತೆಯೋ ಹೆಚ್ಚಳವೋ ಪೂರ್ತಿ ಮೂರನೆಯವರ ಪಾಲಿಗೆ ಬೀಳುತ್ತದೆ. ಈಗ ನೆಲದ ಮೇಲೆ ಇರುವುದನ್ನು ಅಳೆದು ಅದನ್ನೇ ಮೂರು ಮಾಡಬೇಕು.

ಗೆರೆಯ ವಿಷಯಕ್ಕೆ ಬಂದರೆ, ಮೂವರಿಗೂ ಬಾವಿ ತಾಗಲಿ ಎಂಬುದು ಸಹಜವಾಗಿ ಮೊದಲು ಹೊಳೆಯುವ ಮಾತು. ಬಾವಿಯ ಮೂಲೆ ಘದಿಂದ ರಸ್ತೆಯವರೆಗೆ ಎರಡು ಗೆರೆ ಎಳೆದರೆ ಮೂರು ಪಾಲುಗಳಿಗೂ ಮೇಲೆ ಬಾವಿ, ಕೆಳಗೆ ರಸ್ತೆ. ಲೆಕ್ಕವೂ ಬಲು ಸುಲಭ. ಘ, ಚ, ಕ ಸೇರಿ ಆಗುವ ತ್ರಿಕೋನ ಅದೇ ಸೂತ್ರದಿಂದ 3050 ಚದರ ಮೀಟರ್. ಪಶ್ಚಿಮದ ಪಾಲಿಗೆ 4950 ಬೇಕು, ಇನ್ನು 1900 ಉಳಿಯಿತು. ಅಷ್ಟನ್ನು ರಸ್ತೆಯ ಮೇಲೆ ನೆಲೆಯೂರಿದ ಒಂದು ತ್ರಿಕೋನ ಕೊಡಬೇಕು. ಅದರ ಎತ್ತರ ಬಾವಿಯಿಂದ ರಸ್ತೆಗಿರುವ ದೂರ, 130 ಮೀಟರ್. ಆದ್ದರಿಂದ ಪಾದ 2×1900 ÷ 130, ಅಂದರೆ 29.23 ಮೀಟರ್. ನಡುವಿನ ಪಾಲು ಪೂರ್ತಿ ತ್ರಿಕೋನ. ಅದರ ಪಾದ 2×4950 ÷ 130, ಅಂದರೆ 76.15 ಮೀಟರ್. ಉಳಿದ 14.62 ಮೀಟರ್ ಪೂರ್ವದವರ ರಸ್ತೆ.

ಮೂರೂ ಪಾಲು 4950 ಚದರ ಮೀಟರೇ. ಆದರೆ ಒಬ್ಬರಿಗೆ 76 ಮೀಟರ್ ರಸ್ತೆ, ಇನ್ನೊಬ್ಬರಿಗೆ 15 ಮೀಟರೂ ಇಲ್ಲ. ನಡುವಿನವರ ಹೊಲ ಮೇಲಕ್ಕೆ ಹೋದಂತೆ ಮೊನಚಾಗಿ ಬಾವಿಯ ಹತ್ತಿರ ಟ್ರ್ಯಾಕ್ಟರ್ ತಿರುಗಿಸುವಷ್ಟೂ ಅಗಲ ಇರುವುದಿಲ್ಲ. ಗಣಿತದ ಮಟ್ಟಿಗೆ ಯಾವ ದೋಷವೂ ಇಲ್ಲದ ಈ ಹಂಚಿಕೆಯನ್ನು ಯಾವ ಕುಟುಂಬವೂ ಒಪ್ಪಲಾರದು. ಬಾವಿಗಾಗಿ ಗೆರೆಯನ್ನು ಬಾಗಿಸುವುದಕ್ಕಿಂತ ಬಾವಿ ಮತ್ತು ಅಲ್ಲಿಗೆ ಹೋಗುವ ದಾರಿಯನ್ನು ಮೊದಲೇ ಸಾಮಾನ್ಯ ಜಾಗವೆಂದು ಬೇರೆ ತೆಗೆದು, ಅದರ ವಿಸ್ತೀರ್ಣವನ್ನು ಕಳೆದು, ಉಳಿದದ್ದನ್ನು ಮೂರು ಮಾಡುವುದೇ ಸರಿ. ಆ ತುಂಡಿಗೂ ನಾಲ್ಕಾರು ಮೂಲೆ ಇರುತ್ತವೆ, ಅದಕ್ಕೂ ಅದೇ ಸೂತ್ರ. ಇಲ್ಲಿ ಲೆಕ್ಕ ತಿಳಿಯಾಗಿರಲೆಂದು ಬಾವಿಯ ಜಾಗವನ್ನು ಬೇರೆ ಮಾಡಿಲ್ಲ.

ಎರಡನೆಯ ದಾರಿ, ಗೆರೆಯ ದಿಕ್ಕನ್ನು ಮೊದಲೇ ಗೊತ್ತುಮಾಡುವುದು. ಎರಡೂ ಗೆರೆ ರಸ್ತೆಗೆ ಲಂಬವಾಗಿ ನೆಟ್ಟಗೆ ಉತ್ತರಕ್ಕೆ ಹೋಗಲಿ ಎಂದುಕೊಂಡರೆ, ಪೂರ್ವದ ಅಂಕಿ s ಇರುವ ಜಾಗದಲ್ಲಿ ಮೊದಲ ಗೆರೆ ಬರುತ್ತದೆ. ಚದಿಂದ ಘದವರೆಗೆ ಬದು 70 ಮೀಟರ್ ಪೂರ್ವಕ್ಕೆ ಹೋಗುವಷ್ಟರಲ್ಲಿ 50 ಮೀಟರ್ ಉತ್ತರಕ್ಕೆ ಏರುತ್ತದೆ. ಹಾಗಾಗಿ ಗೆರೆ ಬಲಕ್ಕೆ ಸರಿದಷ್ಟೂ ಅದರ ಉದ್ದವೂ ಬೆಳೆಯುತ್ತದೆ. ಅಗಲವೂ ಉದ್ದವೂ ಒಟ್ಟಿಗೆ ಬದಲಾಗುವುದರಿಂದ ವಿಸ್ತೀರ್ಣದಲ್ಲಿ s ವರ್ಗವಾಗಿ ಬಂದು ಕೂರುತ್ತದೆ:

80s + (5/14)s² − 400 = 4950
s² + 224s − 14980 = 0

ಇದರ ಒಂದು ಉತ್ತರ 53.90, ಇನ್ನೊಂದು −277.90. ಎರಡನೆಯದು ಹೊಲದಾಚೆ ಪಶ್ಚಿಮದಲ್ಲಿ ಎಲ್ಲೋ ಬೀಳುತ್ತದೆ, ಅದನ್ನು ಬಿಡಬೇಕು. ಮೊದಲನೆಯದನ್ನೂ ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಸಮೀಕರಣ ಬರೆಯುವಾಗ ಗೆರೆಯ ಮೇಲ್ತುದಿ ಚ–ಘ ಬದುವಿನ ಮೇಲೆ, ಕೆಳತುದಿ ರಸ್ತೆಯ ಮೇಲೆ ಇರುತ್ತದೆಂದು ಊಹಿಸಿತ್ತು. ಹಾಗಿರಬೇಕಾದರೆ s 10ಕ್ಕೂ 70ಕ್ಕೂ ನಡುವೆ ಇರಬೇಕು. 53.90 ಆ ನಡುವೆ ಇದೆ, ಆದ್ದರಿಂದ ಊಹೆ ಸರಿ. ಇದೇ ಬಗೆಯಲ್ಲಿ ಪೂರ್ವದ ಕಡೆಯಿಂದ ಲೆಕ್ಕ ಹಾಕಿದರೆ ಎರಡನೇ ಗೆರೆ 93.78ರಲ್ಲಿ ಬರುತ್ತದೆ. ರಸ್ತೆಯ ಪಾಲು 43.90, 39.88, 36.22 ಮೀಟರ್. ಬಾವಿಯಿಂದ ಎಳೆದ ಗೆರೆಗಳಿಗಿಂತ ಇದು ಎಷ್ಟೋ ವಾಸಿ. ಉಳುಮೆಗೂ ಇದು ಅನುಕೂಲ, ಏಕೆಂದರೆ ಎರಡು ಬದುಗಳೂ ಒಂದಕ್ಕೊಂದು ಸಮಾನಾಂತರ. ಆದರೂ ಇಬ್ಬರ ನಡುವೆ ಏಳೂವರೆ ಮೀಟರಿನಷ್ಟು ರಸ್ತೆಯ ವ್ಯತ್ಯಾಸ ಉಳಿಯಿತು. ರಸ್ತೆ ಬದಿಯ ನೆಲಕ್ಕೆ ಬೆಲೆ ಏರಿರುವ ಊರಿನಲ್ಲಿ ಅದು ಸಣ್ಣ ಮಾತಲ್ಲ.

ಮೂವರಿಗೂ ರಸ್ತೆ 40 ಮೀಟರ್ ಸಮನಾಗಿರಲಿ, ಒಟ್ಟು ವಿಸ್ತೀರ್ಣವೂ ಸಮನಾಗಿರಲಿ ಎಂದು ಕೇಳಿದರೆ ಮೂರನೆಯ ದಾರಿ ಸಿಗುತ್ತದೆ. ಮೂರರಲ್ಲಿ ಇದೇ ಹೆಚ್ಚು ನ್ಯಾಯವಾದದ್ದು. ಲೆಕ್ಕದಲ್ಲೂ ಇದು ಚೆಂದ, ವರ್ಗಸಮೀಕರಣ ಬೇಕಾಗುವುದಿಲ್ಲ. ಗೆರೆಗಳ ಕೆಳತುದಿಗಳು ಮೊದಲೇ ಗೊತ್ತು: ಪ (50, 0) ಮತ್ತು ಫ (90, 0). ಹುಡುಕಬೇಕಾದದ್ದು ಮೇಲ್ತುದಿಗಳನ್ನು ಮಾತ್ರ.

ಪ ಬಿಂದುವಿನಲ್ಲಿ ನಿಂತು ಪಶ್ಚಿಮದ ಅಂಚಿನಿಂದ ಒಂದೊಂದೇ ತ್ರಿಕೋನವನ್ನು ಕೂಡಿಸುತ್ತ ಹೋಗಬೇಕು. ಮೊದಲನೆಯದು ಪ, ಚ, ಕ. ಇದರ ಪಾದ 40, ಎತ್ತರ 80, ವಿಸ್ತೀರ್ಣ 1600. ಬೇಕಾದ 4950ಕ್ಕೆ ಇದು ಸಾಲದು, ಅಂದರೆ ಗೆರೆ ಚ ಕಲ್ಲನ್ನು ದಾಟಿ ಮುಂದೆ ಹೋಗಬೇಕು. ಮುಂದಿನ ತ್ರಿಕೋನ ಪ, ಘ, ಚ. ಸೂತ್ರದಲ್ಲಿ ಹಾಕಿದರೆ 6500 + 5600 − 4000 = 8100, ಅರ್ಧ 4050. ಎರಡೂ ಸೇರಿ 5650, ಬೇಕಾದದ್ದನ್ನು ಮೀರಿತು. ಹಾಗಾದರೆ ಗೆರೆಯ ಮೇಲ್ತುದಿ ಚ ಮತ್ತು ಘ ಕಲ್ಲುಗಳ ನಡುವಿನ ಬದುವಿನ ಮೇಲೇ ಇದೆ. ಹೊಲಕ್ಕೆ ಐದರ ಬದಲು ಇಪ್ಪತ್ತು ಮೂಲೆ ಇದ್ದರೂ ಗೆರೆ ಯಾವ ಬದಿಯನ್ನು ಮುಟ್ಟುತ್ತದೆ ಎಂದು ತಿಳಿಯುವುದು ಹೀಗೆಯೇ. ಮೊತ್ತ ಗುರಿಯನ್ನು ದಾಟಿಸಿದ ತ್ರಿಕೋನ ಯಾವುದೋ ಆ ಬದಿಯೇ ಉತ್ತರ.

ಈಗ ಆ ಎರಡನೇ ತ್ರಿಕೋನದ 4050ರಲ್ಲಿ 3350 ಮಾತ್ರ ಬೇಕು. ಒಂದೇ ಶೃಂಗದಿಂದ ಎದುರು ಬದಿಗೆ ಗೆರೆ ಎಳೆದರೆ ವಿಸ್ತೀರ್ಣ ಆ ಬದಿಯ ತುಂಡುಗಳ ಉದ್ದದ ಪ್ರಮಾಣದಲ್ಲೇ ಒಡೆಯುತ್ತದೆ, ಏಕೆಂದರೆ ಎತ್ತರ ಎರಡಕ್ಕೂ ಒಂದೇ. ಆದ್ದರಿಂದ ಚದಿಂದ ಘದ ಕಡೆಗೆ 3350/4050, ಅಂದರೆ 0.82716 ಭಾಗದಷ್ಟು ಹೋದರೆ ಮೇಲ್ತುದಿ. ಶಾಲೆಯಲ್ಲಿ ಕಲಿತ ಭಾಗ ಪ್ರಮಾಣ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ:

ಪೂರ್ವ: 0 + 0.82716 × 70 = 57.901
ಉತ್ತರ: 80 + 0.82716 × 50 = 121.358

ಈ ಬಿಂದು ಮ. ಪೂರ್ವದ ಕಡೆ ಫದಲ್ಲಿ ನಿಂತು ಅದನ್ನೇ ಮಾಡಬೇಕು. ಫ, ಖ, ಗ ತ್ರಿಕೋನ 1800. ಫ, ಗ, ಘ ತ್ರಿಕೋನ 4800. ಎರಡೂ ಸೇರಿ 4950ನ್ನು ದಾಟುತ್ತವೆ, ಹಾಗಾಗಿ ಮೇಲ್ತುದಿ ಗ–ಘ ಬದುವಿನ ಮೇಲಿದೆ. ಬೇಕಾದದ್ದು 3150, ಪ್ರಮಾಣ 3150/4800, ಅಂದರೆ 0.65625. ಗದಿಂದ ಅಷ್ಟು ಭಾಗ ನಡೆದರೆ ಸಿಗುವ ಬಿಂದು ಯ (97.5, 116.25).

ನಡುವಿನ ಪಾಲನ್ನು ಯಾರೂ ಲೆಕ್ಕ ಹಾಕಲಿಲ್ಲ. ಎರಡು ಪಾಲು ತೆಗೆದ ಮೇಲೆ ಉಳಿದದ್ದು ತಾನಾಗಿ ಮೂರನೆಯದು ಎಂದು ಬಿಡುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ಹಿಂದಿನ ಎಲ್ಲ ತಪ್ಪುಗಳೂ ಆ ಉಳಿಕೆಯಲ್ಲಿ ಸದ್ದಿಲ್ಲದೆ ಸೇರಿಕೊಂಡಿರುತ್ತವೆ. ಪ, ಫ, ಯ, ಘ, ಮ ಎಂಬ ಐದು ಮೂಲೆಗಳನ್ನು ಸುತ್ತಿನ ಸೂತ್ರಕ್ಕೆ ಮೊದಲಿಂದ ಹಾಕಬೇಕು: 0 + 10462.5 + 4537.5 + 967.9 − 6067.9 = 9900, ಅರ್ಧ 4950. ಸ್ವತಂತ್ರವಾಗಿ ಹಾಕಿದ ಈ ಲೆಕ್ಕ ತಾಳೆಯಾದರೆ ಮಾತ್ರ ಹಂಚಿಕೆ ಸರಿ.

ಈ ಪಾಲುಗಳನ್ನು ಹಳೆಯ ಪದ್ಧತಿಯಲ್ಲಿ ಪರೀಕ್ಷಿಸಲು ಹೊರಟರೆ ಏನಾಗುತ್ತದೆ ಎಂಬುದು ತಿಳಿಯಬೇಕಾದ ಸಂಗತಿ. ನಾಲ್ಕು ಬದಿಯ ಹೊಲಕ್ಕೆ ಎದುರುಬದುರು ಬದಿಗಳ ಸರಾಸರಿ ತೆಗೆದು, ಆ ಎರಡು ಸರಾಸರಿಗಳನ್ನು ಗುಣಿಸುವ ರೂಢಿ ಬಹಳ ಹಳೆಯದು. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದ ಕ್ಷೇತ್ರಗಣಿತದಲ್ಲಿ ಇಂಥ ಲೆಕ್ಕಗಳನ್ನು ವ್ಯಾವಹಾರಿಕವೆಂದೂ ನಿಖರವಾದವನ್ನು ಸೂಕ್ಷ್ಮವೆಂದೂ ಬೇರೆ ಬೇರೆಯಾಗಿಯೇ ಕೊಟ್ಟಿದ್ದಾನೆ. ವ್ಯಾವಹಾರಿಕ ಲೆಕ್ಕ ಅಂದಾಜಿಗೆ ಮಾತ್ರ ಎಂಬ ಎಚ್ಚರ ಆಗಲೇ ಇತ್ತು. ಈಗಲೂ ಟೇಪು ಹಿಡಿದು ನಾಲ್ಕು ಬದಿ ಅಳೆದು ಇದೇ ಗುಣಾಕಾರ ಮಾಡುವವರಿಗೆ ಆ ಎಚ್ಚರ ಇರುವುದಿಲ್ಲ.

ಪಶ್ಚಿಮದ ಪಾಲಿನ ಬದಿಗಳು ರಸ್ತೆಯ ಕಡೆ 40, ಎದುರಿಗೆ 71.16, ಒಂದು ಪಕ್ಕ 80.62, ಇನ್ನೊಂದು ಪಕ್ಕ 121.61 ಮೀಟರ್. ಸರಾಸರಿ ಲೆಕ್ಕದಲ್ಲಿ ಇದು 5620 ಚದರ ಮೀಟರ್. ಪೂರ್ವದ ಪಾಲಿನ ಬದಿಗಳು 40 ಮತ್ತು 58.70, 92.20 ಮತ್ತು 116.49. ಅದೇ ಲೆಕ್ಕದಲ್ಲಿ 5149. ಎರಡೂ ನಿಜಕ್ಕೆ 4950ರವೇ. ಸರಾಸರಿ ಗುಣಾಕಾರ ಎಂದಿಗೂ ನಿಜಕ್ಕಿಂತ ಕಡಿಮೆ ತೋರಿಸುವುದಿಲ್ಲ. ಮೂಲೆಗಳು ಲಂಬದಿಂದ ಎಷ್ಟು ದೂರ ಸರಿದಿವೆಯೋ ಅಷ್ಟು ಹೆಚ್ಚು ತೋರಿಸುತ್ತದೆ. ಪೂರ್ವದವರು ತಮ್ಮ ಟೇಪಿನ ಅಳತೆ ತಂದು ‘ಅಣ್ಣನಿಗೆ ನಾಲ್ಕೂವರೆ ಗುಂಟೆ ಜಾಸ್ತಿ ಹೋಗಿದೆ’ ಎಂದರೆ ಅವರ ಅಳತೆ ತಪ್ಪಲ್ಲ, ಗುಣಾಕಾರ ತಪ್ಪು. ನಾಲ್ಕು ಬದಿಗಳ ಉದ್ದ ಗೊತ್ತಿದ್ದರಷ್ಟೇ ಸಾಲದು. ಕರ್ಣವನ್ನೂ ಅಳೆದು ಎರಡು ತ್ರಿಕೋನ ಮಾಡಿಕೊಂಡರೆ ಮಾತ್ರ ಟೇಪಿನಿಂದ ಸರಿಯಾದ ವಿಸ್ತೀರ್ಣ ಬರುತ್ತದೆ.

ಕಾಗದದ ಬಿಂದುಗಳನ್ನು ನೆಲಕ್ಕೆ ಇಳಿಸುವುದು ಮುಂದಿನ ಕೆಲಸ. ಟೋಟಲ್ ಸ್ಟೇಷನ್ ಇದ್ದರೆ ಮ, ಯ ಬಿಂದುಗಳ ಅಂಕಿ ಕೊಟ್ಟು ಪ್ರಿಸಂ ಹಿಡಿದವರನ್ನು ಆ ಜಾಗಕ್ಕೆ ನಡೆಸಬಹುದು. ಅದಿಲ್ಲದಿದ್ದರೂ ಮೂರನೆಯ ದಾರಿಯಲ್ಲಿ ಒಂದು ಅನುಕೂಲವಿದೆ: ನಾಲ್ಕು ಹೊಸ ಕಲ್ಲುಗಳೂ ಹಳೆಯ ಬದುಗಳ ಮೇಲೇ ಇವೆ. ಕದಿಂದ ರಸ್ತೆಯುದ್ದಕ್ಕೆ 40 ಮತ್ತು 80 ಮೀಟರಿಗೆ ಒಂದೊಂದು. ಚದಿಂದ ಘದ ಕಡೆಗೆ 71.16 ಮೀಟರಿಗೆ ಒಂದು. ಗದಿಂದ ಘದ ಕಡೆಗೆ 58.70 ಮೀಟರಿಗೆ ಒಂದು. ಎರಡು ಕಲ್ಲುಗಳ ನಡುವೆ ಹುರಿ ಕಟ್ಟಿ ಟೇಪಿನಲ್ಲಿ ಇಷ್ಟನ್ನು ಮಾಡಬಹುದು. ನೆಟ್ಟ ಮೇಲೆ ಪ–ಮ ದೂರ 121.61, ಫ–ಯ ದೂರ 116.49 ಬರುತ್ತದೆಯೇ ಎಂದು ಅಳೆದು ನೋಡಬೇಕು. ಈ ಎರಡು ಅಳತೆಗಳನ್ನು ಕಲ್ಲು ನೆಡಲು ಬಳಸಿಲ್ಲವಾದ್ದರಿಂದ ಅವು ತಾಳೆಯಾದರೆ ನಂಬಬಹುದು.

ನೆಲ ಇಳಿಜಾರಾಗಿದ್ದರೆ ಎಡವುವುದು ಇಲ್ಲೇ. ಲೆಕ್ಕದಲ್ಲಿರುವ ದೂರಗಳೆಲ್ಲ ಸಮತಟ್ಟಿನ ದೂರ, ದಾಖಲೆಯ ವಿಸ್ತೀರ್ಣವೂ ಹಾಗೆಯೇ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಬದುವಿನ ಮೇಲೆ ಟೇಪನ್ನು ನೆಲಕ್ಕೆ ಒತ್ತಿ 71.16 ಮೀಟರ್ ಎಳೆದರೆ ಸಮತಟ್ಟಿನಲ್ಲಿ ಅದು 70.80 ಮಾತ್ರ. ಕಲ್ಲು ಸುಮಾರು 35 ಸೆಂಟಿಮೀಟರ್ ಹಿಂದೆ ಬೀಳುತ್ತದೆ, ಪಶ್ಚಿಮದ ಪಾಲಿನಿಂದ ಸುಮಾರು 17 ಚದರ ಮೀಟರ್ ನಡುವಿನವರಿಗೆ ಹೋಗುತ್ತದೆ. ಇಳಿಜಾರಿನಲ್ಲಿ ಟೇಪನ್ನು ಸಣ್ಣ ಸಣ್ಣ ತುಂಡುಗಳಲ್ಲಿ ಸಮತಟ್ಟಾಗಿ ಹಿಡಿದು ತೂಗುಗುಂಡಿನಿಂದ ಬಿಂದುವನ್ನು ಕೆಳಗಿಳಿಸುವ ಹಳೆಯ ಕ್ರಮ ಇದಕ್ಕಾಗಿಯೇ ಇದೆ.

ಎಷ್ಟು ನಿಖರತೆ ಸಾಕು ಎಂಬುದಕ್ಕೂ ಒಂದು ಲೆಕ್ಕವಿದೆ. ಮ ಕಲ್ಲು ಬದುವಿನ ಮೇಲೆ ಒಂದು ಸೆಂಟಿಮೀಟರ್ ಸರಿದರೆ ಪಾಲಿನಲ್ಲಿ ಸುಮಾರು ಅರ್ಧ ಚದರ ಮೀಟರ್ ವ್ಯತ್ಯಾಸ. ರೋವರಿನ ಅಳತೆಯಲ್ಲಿ ಒಂದೆರಡು ಸೆಂಟಿಮೀಟರಿನ ಅನಿಶ್ಚಿತತೆ ಸಾಮಾನ್ಯ, ಬಾಂದುಕಲ್ಲಿನ ತಲೆಯೇ ಹತ್ತಾರು ಸೆಂಟಿಮೀಟರ್ ಅಗಲ. ಆದ್ದರಿಂದ ಲೆಕ್ಕವನ್ನು ಮಿಲಿಮೀಟರಿನವರೆಗೆ ಇಟ್ಟುಕೊಂಡು ಕೊನೆಯಲ್ಲಿ ಮಾತ್ರ ಸೆಂಟಿಮೀಟರಿಗೆ ದುಂಡಾಗಿಸಿದರೆ ಸಾಕು. ಕಲ್ಲಿನ ತಲೆಯ ಮೇಲೆ ಯಾವ ಬಿಂದು ಲೆಕ್ಕಕ್ಕೆ ಎಂದು ಒಂದು ಗುರುತು ಕೊರೆಯುವುದು ದಶಮಾಂಶದ ಮುಂದೆ ಇನ್ನೊಂದು ಅಂಕಿ ಬರೆಯುವುದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅಂಕಿಗಳನ್ನು ಬರೆಯುವಾಗ ಆಗುವ ಎರಡು ತಪ್ಪುಗಳು ಹೆಚ್ಚಾಗಿ ಕಾಣಸಿಗುತ್ತವೆ. ಮೊದಲನೆಯದು ಕಲ್ಲುಗಳ ಕ್ರಮ. ಅಳೆದ ಸರದಿಯಲ್ಲೇ ಪಟ್ಟಿ ಮಾಡಿ ಗ ಮತ್ತು ಘ ಅದಲುಬದಲಾದರೆ ಗೆರೆಗಳು ಒಂದನ್ನೊಂದು ಕತ್ತರಿಸಿ ಇದೇ ಹೊಲ 7450 ಚದರ ಮೀಟರ್ ಎಂದು ತೋರಿಸುತ್ತದೆ, ಹೆಚ್ಚುಕಡಿಮೆ ಅರ್ಧ. ಐದು ಬಿಂದುಗಳನ್ನು ಚೌಕುಳಿ ಹಾಳೆಯ ಮೇಲೆ ಗುರುತಿಸಿ ಸೇರಿಸಿದರೆ ಈ ತಪ್ಪು ಕಣ್ಣಿಗೇ ಬೀಳುತ್ತದೆ. ಎರಡನೆಯದು ಇಷ್ಟು ಸುಲಭಕ್ಕೆ ಕಾಣುವುದಿಲ್ಲ. ರೋವರ್ ಕೊಡುವ ಅಂಕಿಗಳು ಹೊಲದ ಮೂಲೆಯಿಂದ ಅಳೆದವಲ್ಲ. ಪೂರ್ವದ ಅಂಕಿ ಏಳೆಂಟು ಲಕ್ಷ, ಉತ್ತರದ್ದು ಹದಿನಾಲ್ಕು ಲಕ್ಷದಂಥ ದೊಡ್ಡ ಸಂಖ್ಯೆಗಳು. ಅವುಗಳ ಗುಣಲಬ್ಧ ಲಕ್ಷ ಕೋಟಿಯ ಹತ್ತಿರ ಹೋಗುತ್ತದೆ. ಹತ್ತು ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಅದರ ಕೊನೆಯ ಅಂಕಿಗಳು ಉದುರಿಹೋಗಿ ನೂರಾರು ಚದರ ಮೀಟರಿನ ತಪ್ಪು ಬರಬಹುದು. ಎಲ್ಲ ಪೂರ್ವದ ಅಂಕಿಗಳಿಂದ ಒಂದೇ ಸಂಖ್ಯೆಯನ್ನು, ಎಲ್ಲ ಉತ್ತರದ ಅಂಕಿಗಳಿಂದ ಇನ್ನೊಂದು ಸಂಖ್ಯೆಯನ್ನು ಕಳೆದು ಮೂಲಬಿಂದುವನ್ನು ಹೊಲದ ಹತ್ತಿರಕ್ಕೆ ತಂದರೆ ವಿಸ್ತೀರ್ಣ ಬದಲಾಗುವುದಿಲ್ಲ, ತಪ್ಪು ಮಾತ್ರ ಹೋಗುತ್ತದೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಒಳಕ್ಕೆ ಮಡಚಿಕೊಂಡ ಹೊಲದಲ್ಲಿ ನೇರ ಗೆರೆ ಒಮ್ಮೆ ಹೊಲದಿಂದ ಹೊರಬಿದ್ದು ಮತ್ತೆ ಒಳಗೆ ಬರಬಹುದು. ಆಗ ವಿಸ್ತೀರ್ಣ ಸರಿಹೋದರೂ ಒಬ್ಬರ ಪಾಲು ಎರಡು ತುಂಡಾಗಿರುತ್ತದೆ. ಗೆರೆ ಹೊಲದ ಅಂಚನ್ನು ಎರಡೇ ಕಡೆ ಮುಟ್ಟುತ್ತದೆಯೇ ಎಂದು ನಕ್ಷೆಯ ಮೇಲೆ ನೋಡಿಕೊಳ್ಳಬೇಕು. ಹಳ್ಳದ ಅಂಚಿನಂಥ ಬಾಗಿದ ಗಡಿಯನ್ನು ಹತ್ತಿರ ಹತ್ತಿರದ ಬಿಂದುಗಳಿಂದ ಸಣ್ಣ ನೇರ ತುಂಡುಗಳಾಗಿ ಮಾಡಿಕೊಳ್ಳಬೇಕು. ಖರಾಬಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಾಂದುಕಲ್ಲುಗಳ ಒಳಗಿನ ಒಟ್ಟು ವಿಸ್ತೀರ್ಣದಲ್ಲಿ ಬಂಡಿದಾರಿ, ಹಳ್ಳದಂಥ ಸಾರ್ವಜನಿಕ ಖರಾಬು ಸೇರಿದ್ದರೆ ಅದನ್ನು ಹಂಚಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಭಾಗಿಸುವ ಮೊದಲೇ ಅದನ್ನು ಬೇರೆ ಮಾಡಿ ಕಳೆಯಬೇಕು. ಇನ್ನು ಕೆಳಗಿನ ಅರ್ಧ ಕಪ್ಪು ಮಣ್ಣು, ಮೇಲಿನದು ಕಲ್ಲು ಭೂಮಿ ಎಂಬಂಥ ಹೊಲದಲ್ಲಿ ಸಮ ವಿಸ್ತೀರ್ಣ ಸಮ ಪಾಲಾಗುವುದಿಲ್ಲ. ಇಂಥ ಕಡೆ ಗೆರೆಗಳು ಎರಡೂ ಮಣ್ಣನ್ನು ಅಡ್ಡಹಾಯುವಂತೆ, ಅಂದರೆ ಎಲ್ಲರಿಗೂ ಎರಡೂ ಬರುವಂತೆ ದಿಕ್ಕನ್ನು ಆರಿಸುವುದು ಒಳ್ಳೆಯದು. ಆ ಎರಡನೇ ಷರತ್ತನ್ನು ಬಳಸಿಕೊಳ್ಳಬೇಕಾದದ್ದು ಇಂಥ ಜಾಗದಲ್ಲೇ.

ಕುಟುಂಬದವರು ಕೂತು ಒಪ್ಪಿದ ಗೆರೆಗೆ ಸರ್ವೆ ದಾಖಲೆಯಲ್ಲಿ ಬೆಲೆ ಬರುವುದು ಭೂಮಾಪಕರ ಅಳತೆಯಾಗಿ, ಪೋಡಿಯಾಗಿ, ಪ್ರತಿ ಪಾಲಿಗೂ ಹೊಸ ಹಿಸ್ಸಾ ನಂಬರ್ ಬಿದ್ದ ಮೇಲೆ. ಅಳತೆಗೆ ಬಂದವರಿಗೆ ‘ಮೂರು ಸಮ ಪಾಲು ಮಾಡಿ’ ಎಂದಷ್ಟೇ ಹೇಳದೆ, ರಸ್ತೆ ಎಷ್ಟು, ಗೆರೆ ಎಲ್ಲಿಂದ, ಬಾವಿಯ ದಾರಿ ಯಾವುದು ಎಂಬುದನ್ನು ಮೊದಲೇ ಒಪ್ಪಿ ಬರೆದುಕೊಡಬೇಕು. ಹೊಸ ನಕ್ಷೆಯಲ್ಲಿ ಪ್ರತಿ ಕಲ್ಲಿನ ಎರಡು ಅಂಕಿಗಳನ್ನೂ ಪ್ರತಿ ಬದಿಯ ಉದ್ದವನ್ನೂ ಕೇಳಿ ಬರೆಸಿಕೊಳ್ಳಿ. ಅವು ಕೈಯಲ್ಲಿದ್ದರೆ ಮುಂದೆ ಕಲ್ಲೊಂದು ಕಿತ್ತುಹೋದರೂ ಉಳಿದ ಕಲ್ಲುಗಳಿಂದ ಅಳೆದು ಅದನ್ನು ಅದೇ ಜಾಗದಲ್ಲಿ ಮತ್ತೆ ನೆಡಬಹುದು.